ದ್ರಾಕ್ಷಿಯಲ್ಲಿ ‘20 ಪಟ್ಟು ವಿಷ’ ಅಂದ್ರೆ ಎಷ್ಟು?

ಹೋದ ವಾರ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಮಗಳಿಗೆ ನಾಲ್ಕು ವರ್ಷ, ದ್ರಾಕ್ಷಿ ಅಂದ್ರೆ ಪ್ರಾಣ. ಫ್ಯಾಮಿಲಿ ಗ್ರೂಪಿನಲ್ಲಿ ‘ದ್ರಾಕ್ಷಿಯಲ್ಲಿ ಮಿತಿಗಿಂತ 20 ಪಟ್ಟು ಕೀಟನಾಶಕ’ ಅಂತ ಒಂದು ಫಾರ್ವರ್ಡ್ ಬಂದಿದೆ. ಅವತ್ತಿಂದ ಮನೆಗೆ ದ್ರಾಕ್ಷಿ ತಂದಿಲ್ಲ, ಮಗು ದಿನಾ ಅಳ್ತಿದೆ. “ಕೊಡ್ಲಾ, ಬೇಡ್ವಾ? ಒಂದೇ ಮಾತಲ್ಲಿ ಹೇಳಿ” ಅಂದ್ರು ಅಕ್ಕ.

ಒಂದೇ ಮಾತಲ್ಲಿ ಹೇಳೋಕೆ ಆಗಲಿಲ್ಲ. ಯಾಕಂದ್ರೆ ಆ ‘ಮಿತಿ’ ಅನ್ನೋ ಪದವನ್ನೇ ನಾವೆಲ್ಲ ತಪ್ಪಾಗಿ ಓದ್ತೀವಿ. ಗೆರೆಯ ಈಚೆ ಆಹಾರ, ಆಚೆ ವಿಷ ಅಂದ್ಕೋತೀವಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಆ ಗೆರೆ ಎಳೆಯೋದು ಆಸ್ಪತ್ರೆಯಲ್ಲಲ್ಲ, ಹೊಲದಲ್ಲಿ.

ಹೇಗೆ ಅಂತ ನೋಡಿ. ಒಂದು ಔಷಧಿಯ ಲೇಬಲ್ ಮೇಲೆ ಎಷ್ಟು ಹಾಕಬೇಕು, ಎಷ್ಟು ಸಲ ಹೊಡೀಬೇಕು, ಕೊನೇ ಸಲ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಬರೆದಿರುತ್ತೆ. (ನಮ್ಮೂರುಗಳಲ್ಲಿ ಇದನ್ನ ವಿಷ ಅನ್ನಲ್ಲ, ಔಷಧಿ ಅಂತಾನೇ ಅನ್ನೋದು.) ಬೇರೆ ಬೇರೆ ಜಾಗದ ಹೊಲಗಳಲ್ಲಿ ಆ ಲೇಬಲ್ ಪ್ರಕಾರವೇ, ಅದರಲ್ಲೂ ಅನುಮತಿ ಇರೋ ಗರಿಷ್ಠ ಪ್ರಮಾಣವನ್ನೇ ಹೊಡೀತಾರೆ. ಹೇಳಿದಷ್ಟು ದಿನ ಕಾದು, ಕೊಯ್ದು, ಹಣ್ಣಿನಲ್ಲಿ ಎಷ್ಟು ಉಳಿದಿದೆ ಅಂತ ಲ್ಯಾಬಿನಲ್ಲಿ ಅಳೀತಾರೆ. ಬಂದ ಅಂಕಿಗಳ ಮೇಲೆ ಸ್ವಲ್ಪ ಜಾಗ ಬಿಟ್ಟು ಒಂದು ಸಂಖ್ಯೆ ನಿಗದಿ ಮಾಡ್ತಾರೆ. ಅದೇ ಗರಿಷ್ಠ ಶೇಷ ಮಿತಿ, ಅಂದ್ರೆ ಎಂಆರ್‌ಎಲ್. ನಮ್ಮ ದೇಶದಲ್ಲಿ ಇದನ್ನ ಪ್ರಕಟಿಸೋದು ಎಫ್‌ಎಸ್‌ಎಸ್‌ಎಐ. ಹಾಗಾಗಿ ಮಿತಿ ಮೀರಿದೆ ಅಂದ್ರೆ ಅದು ಮೊದಲು ಹೇಳೋದು ಒಂದೇ ಮಾತು: ಎಲ್ಲೋ ಲೇಬಲ್ ಪಾಲಿಸಿಲ್ಲ.

ಹಾಗಾದ್ರೆ ಆರೋಗ್ಯದ ಲೆಕ್ಕ ಎಲ್ಲಿ? ಅದು ಬೇರೆ ಪುಸ್ತಕದಲ್ಲಿದೆ. ಪ್ರಾಣಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಆ ರಾಸಾಯನಿಕ ಕೊಟ್ಟು, ಯಾವ ಮಟ್ಟದವರೆಗೆ ಏನೂ ತೊಂದರೆ ಕಾಣಲ್ಲ ಅಂತ ನೋಡ್ತಾರೆ. ಆ ಸಂಖ್ಯೆಯನ್ನ ಸಾಮಾನ್ಯವಾಗಿ 100ರಿಂದ ಭಾಗಿಸ್ತಾರೆ. ಮನುಷ್ಯ ಆ ಪ್ರಾಣಿಗಿಂತ ಸೂಕ್ಷ್ಮ ಇರಬಹುದು ಅಂತ ಒಂದು 10, ಮನುಷ್ಯರಲ್ಲೇ ಕೆಲವರು ಇನ್ನೂ ಸೂಕ್ಷ್ಮ ಅಂತ ಇನ್ನೊಂದು 10. ಬರೋ ಉತ್ತರವೇ ಜೀವನಪೂರ್ತಿ ದಿನಾ ಒಳಗೆ ಹೋದರೂ ಪರವಾಗಿಲ್ಲ ಅನ್ನೋ ಪ್ರಮಾಣ, ಎಡಿಐ. ಬಿಕಾಂ ಓದಿದ ನನಗೆ ಇದು ಬಜೆಟ್ ಥರ ಕಾಣುತ್ತೆ. ಎಡಿಐ ನಿಮ್ಮ ದೇಹದ ದಿನದ ಬಜೆಟ್. ಎಲ್ಲಾ ಬೆಳೆಗಳ ಮಿತಿಯನ್ನೂ ಸೇರಿಸಿ, ಜನ ತಿನ್ನೋ ಪ್ರಮಾಣಕ್ಕೆ ಗುಣಿಸಿ ನೋಡಿದಾಗ ಬಜೆಟ್ ಮೀರಬಾರದು. ಮೀರಿದ್ರೆ ಆ ಬಳಕೆಗೆ ಅನುಮತಿ ಕೊಡಬಾರದು.

ಈಗ ದ್ರಾಕ್ಷಿಗೆ ಬರೋಣ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಗೆ ದೊಡ್ಡ ಪೆಟ್ಟು ಬಿತ್ತು. ಕಾರಣ ಕ್ಲೋರ್ಮೆಕ್ವಾಟ್ ಅನ್ನೋ ರಾಸಾಯನಿಕ. ಇದು ಹುಳ ಕೊಲ್ಲೋದಲ್ಲ, ಬಳ್ಳಿಯ ಬೆಳವಣಿಗೆ ತಡೆಯೋದು. ಆದರೂ ಕಾನೂನಿನ ಲೆಕ್ಕದಲ್ಲಿ ಇದೂ ಕೀಟನಾಶಕಗಳ ಪಟ್ಟಿಗೇ ಸೇರುತ್ತೆ. ಏಪ್ರಿಲ್ ಹೊತ್ತಿಗೆ ಬಳ್ಳಿ ಸವರ್ತಾರಲ್ಲ, ವಿಜಯಪುರದ ಕಡೆ ಚಾಟ್ನಿ ಅಂತಾರೆ, ಅದಾದ ಮೇಲೆ ಚಿಗುರು ಸುಮ್ಮನೆ ಉದ್ದ ಹೋಗದೆ ಹಣ್ಣು ಬಿಡೋ ಕಣ್ಣು ಚೆನ್ನಾಗಿ ಆಗಲಿ ಅಂತ ಹೊಡೀತಿದ್ರು. ಹಣ್ಣು ಬರೋದು ತಿಂಗಳುಗಟ್ಟಲೆ ಆದ್ಮೇಲೆ. ಆದರೆ ಇದು ಬಳ್ಳಿಯ ಮರದೊಳಗೇ ಉಳಿದು, ಹಣ್ಣಿನವರೆಗೂ ಬಂತು. ಯುರೋಪಿನಲ್ಲಿ ಆಗ ದ್ರಾಕ್ಷಿಗೆ ಇದರ ಮಿತಿ ಕಿಲೋಗೆ 0.05 ಮಿಲಿಗ್ರಾಂ ಇತ್ತು. ಅಲ್ಲಿ ದ್ರಾಕ್ಷಿಗೆ ಇದನ್ನ ಬಳಸೋದೇ ಇಲ್ಲವಾದ್ದರಿಂದ ಹೊಲದ ಪ್ರಯೋಗದ ಪ್ರಶ್ನೆಯೇ ಬರಲಿಲ್ಲ. ಯಂತ್ರ ನಂಬಿಕೆಯಿಂದ ಅಳೆಯಬಲ್ಲ ಕನಿಷ್ಠ ಮಟ್ಟವನ್ನೇ ಮಿತಿ ಮಾಡಿದ್ರು.

ನಮ್ಮ ಅಕ್ಕನ ‘20 ಪಟ್ಟು’ ಇದೇ ರಾಸಾಯನಿಕದ್ದು ಅಂತ ಇಟ್ಕೊಳ್ಳೋಣ. 0.05ರ 20 ಪಟ್ಟು ಅಂದ್ರೆ ಕಿಲೋ ದ್ರಾಕ್ಷಿಗೆ 1 ಮಿಲಿಗ್ರಾಂ. ಕ್ಲೋರ್ಮೆಕ್ವಾಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ ತಜ್ಞರ ಜಂಟಿ ಸಮಿತಿ ಇಟ್ಟಿರೋ ಎಡಿಐ, ದೇಹದ ಪ್ರತಿ ಕಿಲೋ ತೂಕಕ್ಕೆ 0.05 ಮಿಲಿಗ್ರಾಂ. 50 ಕಿಲೋ ತೂಗೋ ಅಕ್ಕನಿಗೆ ದಿನದ ಬಜೆಟ್ 2.5 ಮಿಲಿಗ್ರಾಂ. ಅಂದ್ರೆ ಆ ದ್ರಾಕ್ಷಿಯನ್ನ ಎರಡೂವರೆ ಕಿಲೋ, ದಿನಾ, ಜೀವನಪೂರ್ತಿ ತಿನ್ನಬೇಕು. ಅಷ್ಟು ತಿಂದರೆ ಮೊದಲು ಹೊಟ್ಟೆನೇ ಕೈ ಎತ್ತುತ್ತೆ ಬಿಡಿ.

ಆದ್ರೆ ಮಗುವಿನ ಲೆಕ್ಕ ಬೇರೆ. ಮಗಳ ತೂಕ 15 ಕಿಲೋ ಅಂದ್ರೆ ಅವಳ ಬಜೆಟ್ 0.75 ಮಿಲಿಗ್ರಾಂ, ಅಂದ್ರೆ ಮುಕ್ಕಾಲು ಕಿಲೋ ದ್ರಾಕ್ಷಿ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದ್ರೆ ನಮಗಿಂತ ಹೆಚ್ಚು ಹಣ್ಣು ತಿಂತಾರೆ, ಹಾಗಾಗಿ ಅವರಿಗೆ ಸಿಗೋ ಅಂತರ ಕಡಿಮೆ. ಒಂದು ಬಟ್ಟಲು ದ್ರಾಕ್ಷಿ ಇಲ್ಲಿ ದಾಟಲ್ಲ. ಆದ್ರೆ ಇದೇ ಲೆಕ್ಕವನ್ನ ಹೆಚ್ಚು ವಿಷಕಾರಿಯಾದ ಬೇರೆ ಔಷಧಿಗೆ ಹಾಕಿದ್ರೆ ಅರ್ಧ ಬಟ್ಟಲಿಗೇ ದಾಟಬಹುದು. ‘20 ಪಟ್ಟು’ ಅನ್ನೋದು ಯಾವುದರ 20 ಪಟ್ಟು ಅಂತ ಗೊತ್ತಿಲ್ಲದೆ ಏನೂ ಹೇಳಕ್ಕಾಗಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ನಾನು ಕಂಪನಿಯವರ ಪರ ಮಾತಾಡಿದ ಹಾಗೆ ಆಗುತ್ತೆ. ಯಾಕಂದ್ರೆ ಆ ಬಜೆಟ್ಟೇ ತಪ್ಪಾಗಿದ್ರೆ? ಹಾಗೆ ಆಗಿದೆ ಕೂಡ. ಗೆದ್ದಲಿನಿಂದ ಹಿಡಿದು ತರಕಾರಿವರೆಗೆ ಬಳಸೋ ಕ್ಲೋರ್‌ಪೈರಿಫಾಸ್ ಹೆಸರು ಹಳ್ಳಿಯವರಿಗೆಲ್ಲ ಗೊತ್ತು. ಯುರೋಪಿನಲ್ಲಿ ಅದರ ಎಡಿಐ 0.01 ಇತ್ತು. 2014ರಲ್ಲಿ 0.001ಕ್ಕೆ ಇಳಿಸಿದ್ರು, ಒಂದೇ ಸಲಕ್ಕೆ ಹತ್ತನೇ ಒಂದು ಭಾಗ. 2019ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ, ಮಕ್ಕಳ ಮಿದುಳಿನ ಬೆಳವಣಿಗೆ ಮೇಲಿನ ಪರಿಣಾಮ ಮತ್ತು ವಂಶವಾಹಿಗೆ ಹಾನಿಯ ಅನುಮಾನ ಇರೋದ್ರಿಂದ ಸುರಕ್ಷಿತ ಮಟ್ಟ ಅಂತ ಹೇಳೋಕೇ ಆಗಲ್ಲ ಅಂದಿತು. 2020ರಲ್ಲಿ ಅಲ್ಲಿ ಅದು ನಿಂತೇಹೋಯ್ತು. ನಮ್ಮಲ್ಲಿ 2020ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸೋಕೆ ಹೊರಟ 27 ಔಷಧಿಗಳ ಕರಡು ಪಟ್ಟಿಯಲ್ಲಿ ಇದೂ ಇತ್ತು. ಕೊನೆಗೆ ಪೂರ್ತಿ ನಿಷೇಧ ಆಗಲಿಲ್ಲ. ನನ್ನ ಸಿಟ್ಟು ಇರೋದು ಇಂಥ ಕಡೆ. 2013ರಲ್ಲಿ ‘ಮಿತಿಯೊಳಗಿದೆ’ ಅಂತ ಪಾಸಾದ ಸೇಬು ಅದೇ ಸೇಬು, ಬದಲಾಗಿದ್ದು ನಮ್ಮ ತಿಳಿವಳಿಕೆ. ಇನ್ನೊಂದು ಕೊರತೆಯೂ ಇದೆ: ಪ್ರತಿ ಔಷಧಿಗೂ ಮಿತಿ ಬೇರೆ ಬೇರೆ. ಒಂದೇ ಹಣ್ಣಿನಲ್ಲಿ ಐದು ಔಷಧಿ ಮಿತಿಯೊಳಗೇ ಇದ್ರೆ, ಐದೂ ಪಾಸ್.

ತಪ್ಪು ಆಗೋದು ಹೆಚ್ಚಾಗಿ ಎಲ್ಲಿ ಅಂದ್ರೆ, ಕಾಯೋ ದಿನಗಳಲ್ಲಿ. ಬದನೆ, ಬೆಂಡೆ, ಟೊಮ್ಯಾಟೊ ಎಲ್ಲ ಕೆಲವೇ ದಿನಕ್ಕೊಮ್ಮೆ ಕೊಯ್ಯೋ ಬೆಳೆ. ಲೇಬಲ್ ಒಂದು ವಾರ ಕಾಯಿ ಅಂದ್ರೆ, ಅಷ್ಟರಲ್ಲಿ ಬೆಂಡೆ ಬಲಿತು ಮಾರುಕಟ್ಟೆಯಲ್ಲಿ ಯಾರಿಗೂ ಬೇಡ. ರೈತ ಕೆಟ್ಟವನು ಅಂತಲ್ಲ, ಅವನಿಗೆ ಆ ಒಂದು ವಾರದ ದುಡ್ಡು ಯಾರೂ ಕೊಡಲ್ಲ.

ತೊಳೆಯೋದ್ರ ಬಗ್ಗೆ ಬಹಳ ಜನ ಕೇಳ್ತೀರಿ. ಮೇಲೆ ಕೂತಿರೋದು ಹರಿಯೋ ನೀರಲ್ಲಿ ಉಜ್ಜಿ ತೊಳೆದ್ರೆ ಒಂದಿಷ್ಟು ಹೋಗುತ್ತೆ, ಸಿಪ್ಪೆ ತೆಗೆದ್ರೆ ಇನ್ನಷ್ಟು. ಕ್ಲೋರ್ಮೆಕ್ವಾಟ್, ಇಮಿಡಾಕ್ಲೋಪ್ರಿಡ್ ಥರ ಗಿಡದೊಳಗೆ ಹರಿದು ಹಣ್ಣಿಗೆ ಸೇರಿರೋದು ಹೋಗಲ್ಲ.

ಅಕ್ಕನಿಗೆ ನಾನು ವಾಪಸ್ ಕೇಳಿದ್ದು ಮೂರೇ: ಯಾವ ರಾಸಾಯನಿಕ, ಕಿಲೋಗೆ ಎಷ್ಟು ಮಿಲಿಗ್ರಾಂ, ಯಾವ ದೇಶದ ಮಿತಿ? ಅವರು ಫಾರ್ವರ್ಡ್ ಮತ್ತೆ ತೆಗೆದು ಓದಿದ್ರು. ಮೂರರಲ್ಲಿ ಒಂದೂ ಇರಲಿಲ್ಲ. ಸಂಜೆ ಇನ್ನೊಂದು ಮೆಸೇಜ್ ಬಂತು: “ಅರ್ಧ ಕಿಲೋ ತಂದೆ. ತೊಳೆದು ಒಂದು ಬಟ್ಟಲು ಕೊಟ್ಟಿದೀನಿ. ನಾಳೆ ಬಾಳೆಹಣ್ಣು.”