ಗಣಪತಿಯ ರೂಪದ ಅಂತರಾರ್ಥ

ಗಣಪತಿಯ ದೊಡ್ಡ ತಲೆ, ಮುರಿದ ದಂತ ಹಾಗೂ ಪಾದದ ಬಳಿ ಇರುವ ಸಣ್ಣ ಇಲಿಯನ್ನು ಮನುಷ್ಯನ ಮನಸ್ಸಿನ ಸ್ಥಿತಿಗಳೆಂದು ಅರ್ಥೈಸುವ ಪರಂಪರೆ ಪುರಾಣಗಳಲ್ಲಿಯೂ ಪ್ರವಚನಗಳಲ್ಲಿಯೂ ಬೆಳೆದುಬಂದಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಭಾದ್ರಪದ ಶುಕ್ಲ ಚತುರ್ಥಿಯಂದು ಕೂರಿಸುವ ಮಣ್ಣಿನ ಮೂರ್ತಿಯಲ್ಲಿ ಈ ಮೂರನ್ನೂ ಕಾಣಬಹುದು. ಇದೇ ಜಿಲ್ಲೆಯ ಹಳೇಬೀಡಿನಲ್ಲಿರುವ, 12ನೆಯ ಶತಮಾನದ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ನೃತ್ಯಗಣಪತಿಯ ಪಾದದ ಕೆಳಗೂ ಇಲಿ ಇದೆ.

ತಲೆ ಮತ್ತು ಕಿವಿ

ಶಿವನು ಬಾಲಕನ ತಲೆಯನ್ನು ಕಡಿದು ಆನೆಯ ತಲೆಯನ್ನು ಜೋಡಿಸಿದ ಕಥೆ ಪ್ರಸಿದ್ಧವಾದುದು. 'ನಾನು' ಎಂಬ ಸಣ್ಣ ತಲೆ ಹೋಗಿ ವಿವೇಕದ ದೊಡ್ಡ ತಲೆ ಬಂದಿತೆಂದು ಪ್ರವಚನಕಾರರು ಇದನ್ನು ವಿವರಿಸುತ್ತಾರೆ. ಇದಕ್ಕಿಂತ ಕಿವಿಯ ಅರ್ಥ ಹೆಚ್ಚು ಸ್ಪಷ್ಟವಾಗಿದೆ. ಗಣಪತಿಗೆ ಶೂರ್ಪಕರ್ಣ ಎಂಬ ಹೆಸರಿದೆ, ಶೂರ್ಪವೆಂದರೆ ಮೊರ. ಮೊರದಲ್ಲಿ ರಾಗಿಯನ್ನು ಕೇರಿದಾಗ ಹೊಟ್ಟು ಹಾರಿಹೋಗಿ ಕಾಳು ಉಳಿಯುತ್ತದೆ. ಕೇಳಿದ್ದೆಲ್ಲವನ್ನೂ ಹೀಗೆ ಕೇರಿ, ಕಾಳನ್ನು ಮಾತ್ರ ಉಳಿಸಿಕೊಳ್ಳಬೇಕೆಂಬುದು ಇದರ ಭಾವ.

ಮುರಿದ ದಂತ

ದಂತ ಮುರಿದುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಮೊದಲನೆಯದರಲ್ಲಿ ಪರಶುರಾಮನು ಕೈಲಾಸಕ್ಕೆ ಬಂದಾಗ ಗಣಪತಿ ಅವನನ್ನು ಬಾಗಿಲಲ್ಲಿ ತಡೆಯುತ್ತಾನೆ. ಸಿಟ್ಟಿಗೆದ್ದ ಪರಶುರಾಮನು ಎಸೆದ ಕೊಡಲಿ ಸ್ವತಃ ಶಿವನೇ ಕೊಟ್ಟದ್ದು. ತಂದೆಯ ಆಯುಧ ವ್ಯರ್ಥವಾಗಬಾರದೆಂದು ಗಣಪತಿ ಅದನ್ನು ತಡೆಯದೆ ದಂತದ ಮೇಲೆ ಸ್ವೀಕರಿಸುತ್ತಾನೆ. ಶಕ್ತಿಯಿದ್ದೂ ಅದನ್ನು ಬಳಸದಿರುವುದು ಇಲ್ಲಿನ ಅಂತರಾರ್ಥ. ಎರಡನೆಯದರಲ್ಲಿ ಗಣಪತಿ ವ್ಯಾಸರು ಹೇಳಿದ ಮಹಾಭಾರತವನ್ನು ತನ್ನ ದಂತವನ್ನೇ ಲೇಖನಿಯಾಗಿಸಿಕೊಂಡು ಬರೆಯುತ್ತಾನೆ. ಬರೆಯುವ ಕೈ ನಿಲ್ಲುವಂತೆ ಆಗಬಾರದೆಂದು ಗಣಪತಿಯ ಷರತ್ತು. ಅರ್ಥವಾಗದೆ ಏನನ್ನೂ ಬರೆಯಬಾರದೆಂದು ವ್ಯಾಸರ ಷರತ್ತು. ಮಕ್ಕಳಿಗೆ ಹೇಳುವಾಗ ಈ ಎರಡನೆಯ ಷರತ್ತೇ ಬಿಟ್ಟುಹೋಗುವುದುಂಟು, ಕಥೆಯ ಸಾರವಿರುವುದು ಅದರಲ್ಲಿಯೇ.

ಮುದ್ಗಲ ಪುರಾಣವು ಏಕದಂತನನ್ನು ಮದಾಸುರನನ್ನು ಗೆದ್ದವನೆಂದು ವರ್ಣಿಸುತ್ತದೆ. ಮದವೆಂಬ ಪದವನ್ನು ಆನೆಯಿಂದ ಬೇರ್ಪಡಿಸಲಾಗದು. ಮದವೇರಿದ ಸಲಗದ ಕಪೋಲದಿಂದ ದ್ರವ ಸುರಿಯುತ್ತದೆ, ಆಗ ಅದು ವಾರಗಟ್ಟಲೆ ಮಾವುತನ ಮಾತನ್ನೂ ಕೇಳುವುದಿಲ್ಲ. ಕಾಡಾನೆಗಳು ಗದ್ದೆ ತೋಟಗಳಿಗೆ ಇಳಿಯುವ ಅರಕಲಗೂಡು ಸೀಮೆಯ ಜನರಿಗೆ ಇದನ್ನು ವಿವರಿಸಬೇಕಿಲ್ಲ. ಆನೆಯ ತಲೆಯನ್ನು ಹೊತ್ತೂ ಮದವನ್ನು ಗೆದ್ದ ದೇವತೆ ಗಣಪತಿ, ಮದಿಸಿದ ಆನೆ ಇರಿಯಲು ಬಳಸುವ ದಂತವೊಂದು ಅವನ ಕೈಯಲ್ಲಿ ಆಯುಧವಾಗಿ ಉಳಿದಿಲ್ಲ.

ಇಲಿ

ಮೂಷಕ ಎಂಬ ಪದವು 'ಕದಿಯುವುದು' ಎಂಬ ಅರ್ಥದ ಧಾತುವಿನಿಂದ ಬಂದಿದೆ. ಹೇಮಾವತಿಯ ನೀರುಣ್ಣುವ ಗದ್ದೆಗಳ ಬದುವಿನಲ್ಲಿ ಬಿಲ ತೋಡುವ ಇಲಿ ತಿಂದು ತೃಪ್ತಿಪಡುವುದಿಲ್ಲ. ತಿನ್ನಲಾಗದಷ್ಟು ತೆನೆಯನ್ನು ಕತ್ತರಿಸಿ ಒಳಗೆ ಕೂಡಿಡುತ್ತದೆ. ಆಸೆಯ ಸ್ವಭಾವವೂ ಹೀಗೆಯೇ: ಕತ್ತಲಲ್ಲಿ ಬಂದು, ಗೊತ್ತಾಗದಂತೆ ಕೊರೆಯುತ್ತದೆ.

ಗಣೇಶ ಪುರಾಣದ ಕಥೆಯಲ್ಲಿ ಈ ಇಲಿ ಮೊದಲು ಕ್ರೌಂಚನೆಂಬ ಗಂಧರ್ವ. ಇಂದ್ರಸಭೆಯಲ್ಲಿ ಅವನ ಕಾಲು ವಾಮದೇವ ಮುನಿಗೆ ತಗುಲುತ್ತದೆ, ಮುನಿಯ ಶಾಪದಿಂದ ಅವನು ಇಲಿಯಾಗಿ ಪರಾಶರರ ಆಶ್ರಮವನ್ನು ಹಾಳುಗೆಡವುತ್ತಾನೆ. ಗಣಪತಿ ಪಾಶವನ್ನೆಸೆದು ಅವನನ್ನು ಹಿಡಿದು, ವರವನ್ನು ಕೇಳೆನ್ನುತ್ತಾನೆ. ಸೆರೆಯಲ್ಲಿದ್ದರೂ ಇಲಿಯ ಗರ್ವ ಇಳಿದಿರುವುದಿಲ್ಲ: ತನಗೇನೂ ಬೇಡ, ಬೇಕಾದರೆ ನೀನೇ ಕೇಳು ಎನ್ನುತ್ತದೆ. ಹಾಗಾದರೆ ನನಗೆ ವಾಹನವಾಗು ಎಂದು ಗಣಪತಿ ಏರಿ ಕುಳಿತಾಗ ಇಲಿ ಆ ಭಾರಕ್ಕೆ ನಲುಗಿ, ಹಗುರಾಗುವಂತೆ ಬೇಡಿಕೊಳ್ಳುತ್ತದೆ, ಅವನು ಹಗುರಾಗುತ್ತಾನೆ.

ಇಲಿ ಇಲ್ಲಿ ಸಾಯುವುದಿಲ್ಲ, ಆನೆಮೊಗದವನೂ ಕೆಳಗಿಳಿಯುವುದಿಲ್ಲ. ಆಸೆಯನ್ನು ಕೊಲ್ಲುವುದು ಇಲ್ಲಿನ ಬೋಧೆಯಲ್ಲ, ಸವಾರನನ್ನು ಹೊರಲು ಅದನ್ನು ಒಪ್ಪಿಸುವುದು. ಹಳೇಬೀಡಿನ ಶಿಲ್ಪದಲ್ಲಿ ದೇವರ ಮಹಾಕಾಯ ಮತ್ತು ಇಲಿಯ ಗಾತ್ರದ ಅಂತರವನ್ನು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ.

ಅರ್ಥೈಸುವಾಗ ಎಚ್ಚರಿಕೆ

ಈ ಅರ್ಥಗಳೆಲ್ಲ ಒಂದೇ ಕಾಲದವಲ್ಲ. ಗಣಪತಿಯ ಆರಂಭಕಾಲದ ಶಿಲ್ಪಗಳಲ್ಲಿ ಇಲಿ ಸಾಮಾನ್ಯವಾಗಿ ಇರುವುದಿಲ್ಲ. ವ್ಯಾಸರ ಲಿಪಿಕಾರನ ಪ್ರಸಂಗವನ್ನು ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತ ಸಂಶೋಧಿತ ಆವೃತ್ತಿಯು ಮೂಲಪಾಠದಿಂದ ಹೊರಗಿಟ್ಟಿದೆ.

ದೇವಾಲಯಗಳಲ್ಲಿ ನೋಡುವಾಗ ಇನ್ನೊಂದು ತಪ್ಪು ಸಹಜ. ಹೊಯ್ಸಳ ಶಿಲ್ಪಗಳ ಬಳಪದ ಕಲ್ಲು ಮೃದುವಾದುದು. ಸೊಂಡಿಲು, ಕೈ, ದಂತಗಳು ಅನಂತರದ ಕಾಲದಲ್ಲಿ ಒಡೆದಿರುವುದುಂಟು. ಶಿಲ್ಪಿಯೇ ಮುರಿದಂತೆ ಕಡೆದ ದಂತದ ತುದಿ ನಯವಾಗಿದ್ದು, ಅದರ ತುಂಡು ಹೆಚ್ಚಾಗಿ ಬಲಗೈಯಲ್ಲಿ ಇರುತ್ತದೆ. ಕಲ್ಲಿನ ಒಳಮೈ ಒರಟಾಗಿ ಕಂಡು, ಕೈಯಲ್ಲಿ ತುಂಡೂ ಇಲ್ಲದಿದ್ದರೆ ಅದು ಏಕದಂತನ ಲಕ್ಷಣವಾಗಿರದೆ ಶಿಲ್ಪಕ್ಕಾದ ಹಾನಿಯಾಗಿರುವ ಸಂಭವವೇ ಹೆಚ್ಚು.