ನಿಮಗಿದು ಗೊತ್ತೇ? ನಿಮ್ಮ ಮನೆಯ ಕರೆಂಟಿಗೂ ಒಂದು ನಲ್ಲಿ, ಒಂದು ಟ್ಯಾಂಕು!

ಕಿಲೋವ್ಯಾಟ್, ಕಿಲೋವ್ಯಾಟ್-ಅವರ್. ಕೇಳಲು ಅಣ್ಣ-ತಮ್ಮಂದಿರಂತಿವೆ. ಆದರೆ ಎರಡೂ ಅಳೆಯುವುದು ಬೇರೆ ಬೇರೆ! ಮಾಳಿಗೆಯ ಮೇಲಿನ 1,000 ಲೀಟರ್ ನೀರಿನ ಟ್ಯಾಂಕನ್ನು ನೆನೆಯಿರಿ. ನಲ್ಲಿಯಿಂದ ನೀರು ಎಷ್ಟು ರಭಸವಾಗಿ ಬರುತ್ತಿದೆ ಎಂಬುದು ಕಿಲೋವ್ಯಾಟ್. ಒಟ್ಟು ಎಷ್ಟು ನೀರು ಖರ್ಚಾಯಿತು ಎಂಬುದು ಕಿಲೋವ್ಯಾಟ್-ಅವರ್. ಬಿಲ್ಲಿನಲ್ಲಿ ನೀವು ಓದುವ ‘ಯೂನಿಟ್’ ಇದೇ!

ನಲ್ಲಿಯನ್ನು ಜೋರಾಗಿ ತಿರುಗಿಸಿ ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಟ್ಯಾಂಕು 100 ನಿಮಿಷದಲ್ಲಿ ಖಾಲಿ. ನಿಮಿಷಕ್ಕೆ 1 ಲೀಟರಿನಂತೆ ಸಣ್ಣಗೆ ಬಿಟ್ಟರೆ 1,000 ನಿಮಿಷ ಬೇಕು. ರಭಸ ಹತ್ತು ಪಟ್ಟು ಬೇರೆ, ಖರ್ಚಾದ ನೀರು ಮಾತ್ರ ಒಂದೇ!

ಕರೆಂಟಿನಲ್ಲೂ ಹೀಗೇ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ಅದೇ ಒಂದು ಯೂನಿಟ್ ಮುಗಿಸಲು ಎಷ್ಟು ಹೊತ್ತು ಬೇಕು ಹೇಳಿ? ಸುಮಾರು 111 ಗಂಟೆ! ನಾಲ್ಕೂವರೆ ದಿನ ಹಗಲೂ ರಾತ್ರಿ ಉರಿಯಬೇಕು!

ಕಾಫಿ ತೋಟದ ಪಂಪಿನ ಮೇಲೆ ಬರೆದಿರುವ ಎಚ್‌ಪಿ ಕೂಡ ನಲ್ಲಿಯ ರಭಸವೇ. 1 ಎಚ್‌ಪಿ ಎಂದರೆ 0.746 ಕಿಲೋವ್ಯಾಟ್. ಹೂಮಳೆ ಕೈಕೊಟ್ಟಾಗ 5 ಎಚ್‌ಪಿ ಪಂಪು ಹಚ್ಚಿ 6 ಗಂಟೆ ಸ್ಪ್ರಿಂಕ್ಲರ್ ಓಡಿಸಿದಿರಿ ಎನ್ನಿ. ಲೆಕ್ಕಕ್ಕೆ 22 ಯೂನಿಟ್ ದಾಟಿತು! ಮೋಟಾರಿನೊಳಗೆ ನಷ್ಟವಾಗುವುದೂ ಸೇರುವುದರಿಂದ ಮೀಟರ್ ಇದಕ್ಕಿಂತ ಹೆಚ್ಚೇ ತೋರಿಸುತ್ತದೆ.

ಕೊಡಗಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಇನ್ವರ್ಟರೇ ಗತಿ, ಅಲ್ಲವೇ? ಅದರ ಬ್ಯಾಟರಿಯೇ ನಿಮ್ಮ ಟ್ಯಾಂಕು. ಮೇಲೆ 12V 150Ah ಎಂದಿದ್ದರೆ ಎರಡನ್ನೂ ಗುಣಿಸಿ: 1,800 ವ್ಯಾಟ್-ಅವರ್. ಅಷ್ಟು ದೊಡ್ಡ, ಅಷ್ಟು ಭಾರದ ಪೆಟ್ಟಿಗೆಯಲ್ಲಿ ಎರಡು ಯೂನಿಟ್ ಕೂಡ ಇಲ್ಲ!

ಆ 1.8 ಯೂನಿಟ್ಟೂ ಪೂರ್ತಿ ಕೈಗೆ ಸಿಗುವುದಿಲ್ಲ. ಇನ್ವರ್ಟರ್ ಸ್ವಲ್ಪ ತಿನ್ನುತ್ತದೆ, ಬ್ಯಾಟರಿಯನ್ನು ತಳದವರೆಗೆ ಬರಿದು ಮಾಡಲೂ ಬಾರದು. 1.2 ಯೂನಿಟ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಬಲ್ಬು, ಒಂದು ಟಿವಿ ಸೇರಿ 100 ವ್ಯಾಟ್ ಆದರೆ 12 ಗಂಟೆ ನಡೆಯುತ್ತದೆ. ಟಿವಿ ಆರಿಸಿ ಬಲ್ಬುಗಳ 36 ವ್ಯಾಟ್ ಮಾತ್ರ ಉಳಿಸಿಕೊಂಡರೆ? ಒಂದು ದಿನಕ್ಕೂ ಮೀರಿ ಬೆಳಕು!

ಅದೇ ಇನ್ವರ್ಟರಿಗೆ ಗೀಸರ್ ಹಾಕಿ ನೋಡಿ. ಬ್ಯಾಟರಿ ತುಂಬಿದ್ದರೂ ‘ಓವರ್‌ಲೋಡ್’ ಎಂದು ತಕ್ಷಣ ನಿಂತುಬಿಡುತ್ತದೆ! ಸಾಮಾನ್ಯ ಮನೆ ಇನ್ವರ್ಟರ್ ಒಂದು ಕಿಲೋವ್ಯಾಟಿಗಿಂತ ಕಡಿಮೆಯ ನಲ್ಲಿ, ಗೀಸರ್ ಕೇಳುವುದು ಎರಡು. ಇನ್ನೂ ದೊಡ್ಡ ಬ್ಯಾಟರಿ ತಂದರೆ ಬಲ್ಬು ಹೆಚ್ಚು ಹೊತ್ತು ಉರಿಯುತ್ತದೆ, ಅಷ್ಟೇ. ಟ್ಯಾಂಕು ದೊಡ್ಡದಾದರೆ ನಲ್ಲಿ ದೊಡ್ಡದಾಗುವುದಿಲ್ಲ!

ಮಡಿಕೇರಿಯ ಮನೆಗೆ ಬೀಗ ಹಾಕಿ ತಿಂಗಳಿಡೀ ಬೆಂಗಳೂರಿನಲ್ಲಿದ್ದರೂ ಚೆಸ್ಕಾಂ ಬಿಲ್ಲಿನಲ್ಲಿ ‘ನಿಗದಿತ ಶುಲ್ಕ’ ಎಂಬ ಸಾಲು ಇರುತ್ತದೆ, ಗಮನಿಸಿದ್ದೀರಾ? ಅದು ನಿಮಗೆ ಮಂಜೂರಾದ ಕಿಲೋವ್ಯಾಟಿನ ಲೆಕ್ಕ. ಬಳಸಿದ ಯೂನಿಟ್ಟಿನ ಲೆಕ್ಕ ಬೇರೆ. ಒಂದೇ ಕಾಗದದಲ್ಲಿ ನಲ್ಲಿಗೊಂದು ದರ, ನೀರಿಗೊಂದು ದರ!

ನಿಮ್ಮ ಮೀಟರಿನಲ್ಲಿ ಮಿನುಗುವ ಪುಟ್ಟ ಕೆಂಪು ದೀಪವೂ ಲೆಕ್ಕ ಹೇಳುತ್ತದೆ! ಪಕ್ಕದಲ್ಲಿ 3200 imp/kWh ಎಂದಿದ್ದರೆ 3,200 ಸಲ ಮಿನುಗಿದಾಗ ಒಂದು ಯೂನಿಟ್. ಒಂದೇ 9 ವ್ಯಾಟ್ ಬಲ್ಬು ಉರಿಯುತ್ತಿದ್ದರೆ ಎರಡು ನಿಮಿಷಕ್ಕೊಮ್ಮೆ ಮಿಣುಕ್. ಗೀಸರ್ ಹಾಕಿದರೆ ಒಂದು ಸೆಕೆಂಡಿಗೆ ಹತ್ತಿರಹತ್ತಿರ ಎರಡು ಸಲ! ಮಿನುಗುವ ವೇಗ ಕಿಲೋವ್ಯಾಟ್, ಮಿನುಗಿದ ಒಟ್ಟು ಲೆಕ್ಕ ಕಿಲೋವ್ಯಾಟ್-ಅವರ್. ಎಲ್ಲ ಸ್ವಿಚ್ಚು ಆರಿಸಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಎಲ್ಲೋ ಏನೋ ಕರೆಂಟು ಕುಡಿಯುತ್ತಿದೆ. ಪ್ಲಗ್ಗುಗಳನ್ನು ಕಿತ್ತು ನೋಡಿ, ಆಗಲೂ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ!

ಹಾಗಾದರೆ ಒಂದು ಯೂನಿಟ್ಟಿನ ಕಸುವು ಎಷ್ಟು? ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್, ಸಮುದ್ರ ಮಟ್ಟದಿಂದ 1,748 ಮೀಟರ್. ನಿಮ್ಮ ಟ್ಯಾಂಕಿನ 1,000 ಲೀಟರ್ ನೀರನ್ನು ಕಡಲ ತೀರದಿಂದ ಅದರ ನೆತ್ತಿಗೆ ಏರಿಸಲು, ಪಂಪಿನ ನಷ್ಟ ಬಿಟ್ಟರೆ, 5 ಯೂನಿಟ್ಟೂ ಬೇಡ! ಗೀಸರ್ ಅಷ್ಟನ್ನು ಎರಡೂವರೆ ಗಂಟೆಯಲ್ಲಿ ಮುಗಿಸುತ್ತದೆ!