ನೋವು ಹೋಯಿತು, ಗಂಟು ಉಳಿಯಿತು

“ನೋವೇ ಇಲ್ಲ, ಅಂದ್ಮೇಲೆ ಏನೂ ಇರಲ್ಲ ಬಿಡು.” ಸ್ತನದ ವಿಷಯದಲ್ಲಿ ಇಷ್ಟು ಹಾನಿ ಮಾಡಿದ ಮಾತು ಇನ್ನೊಂದಿಲ್ಲ. ಇದನ್ನು ನಂಬಿದವರಲ್ಲಿ ತಿಂಗಳು ತಿಂಗಳೂ ಎದೆ ಭಾರವಾಗುವವರು ಸುಮ್ಮನೆ ಹೆದರುತ್ತಾರೆ, ನೋಯದ ಗಂಟು ಇರುವವರು ಸುಮ್ಮನೆ ಕೂರುತ್ತಾರೆ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಹಾಗೆಂದು ನೋಯುವ ಗಂಟೆಲ್ಲ ನಿರಪಾಯಕಾರಿ ಎಂದೂ ಅಲ್ಲ.

ಬ್ರೂಕ್‌ಫೀಲ್ಡ್‌ನಲ್ಲಿ ಮನೆ ಮಾಡಿಕೊಂಡು ಐಟಿಪಿಎಲ್‌ಗೆ ಕೆಲಸಕ್ಕೆ ಹೋಗುವ ಮೂವತ್ತೆಂಟರ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಮುಟ್ಟು ತಿಂಗಳ 26ರ ಆಸುಪಾಸು. 18ರಿಂದಲೇ ಎರಡೂ ಸ್ತನ ಭಾರ, ಮುಟ್ಟಿದರೆ ನೋವು, ಕಂಕುಳ ಕಡೆಗೆ ಸೆಳೆತ, ಬೆರಳಿಗೆ ಅಲ್ಲಲ್ಲಿ ಗಂಟುಗಂಟು. ಅಂಡಾಣು ಬಿಡುಗಡೆಯಾದ ಮೇಲೆ ಹಾರ್ಮೋನುಗಳ ಪ್ರಭಾವದಿಂದ ಹಾಲಿನ ಗ್ರಂಥಿಗಳು ಉಬ್ಬಿ, ಅಂಗಾಂಶದಲ್ಲಿ ನೀರು ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ಗ್ರಂಥಿ ಹೆಚ್ಚಿರುವ ಜಾಗವೇ ಕಂಕುಳ ಕಡೆಯ ಮೇಲ್ಭಾಗ. ನೋವು ಅಲ್ಲೇ ಜಾಸ್ತಿ. ಒಂದು ಕಡೆ ತುಸು ಹೆಚ್ಚು, ಇನ್ನೊಂದು ಕಡೆ ಕಮ್ಮಿ ಇದ್ದರೂ ಗಾಬರಿ ಬೇಡ. ಸ್ರಾವ ಶುರುವಾದ ಒಂದೆರಡು ದಿನದಲ್ಲಿ ಇಳಿಯುತ್ತದೆ. ಸರಿಯಾಗಿ ಹಿಡಿದಿಡುವ ಬ್ರಾ ಹಾಕಿಕೊಂಡರೆ, ನೋವಿನ ಜೆಲ್ ಸವರಿದರೆ ಅನೇಕರಿಗೆ ಹಾಯೆನಿಸುತ್ತದೆ. ಕಾಫಿ ಬಿಟ್ಟರೆ ವಾಸಿ ಎನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ. ರಾತ್ರಿ ಬ್ರಾ ಹಾಕಿ ಮಲಗಿದರೆ ಕ್ಯಾನ್ಸರ್ ಎನ್ನುವುದಕ್ಕಂತೂ ಯಾವ ಆಧಾರವೂ ಇಲ್ಲ.

ಈಕೆಗೆ 28ಕ್ಕೆ ನೋವು ಹೋಯಿತು. ಮುಂದಿನ ತಿಂಗಳ 3ನೇ ತಾರೀಕು ಸ್ನಾನ ಮಾಡುವಾಗ, ಸ್ತನ ಮೆತ್ತಗಾಗಿರುವ ಹೊತ್ತಿನಲ್ಲಿ, ಎಡಗಡೆ ಒಂದೇ ಜಾಗದಲ್ಲಿ ದ್ರಾಕ್ಷಿಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ಬಲಗಡೆ ಅದೇ ಜಾಗದಲ್ಲಿ ಅಂಥದ್ದೇನೂ ಇಲ್ಲ. ಇಲ್ಲಿಂದಾಚೆ ಲೆಕ್ಕವೇ ಬೇರೆ. ತಿಂಗಳ ಊತ ಮುಟ್ಟಿನ ಜೊತೆ ಕರಗಬೇಕು. ಕರಗದೆ ಉಳಿದದ್ದು ಊತವಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿಯ ಸ್ತನ ಮುಟ್ಟಿಗೆ ಮುಂಚೆ ಒಟ್ಟಾರೆ ಗಂಟುಗಂಟಾಗಿದ್ದರೆ, ಮುಟ್ಟು ಮುಗಿದ ಮೇಲೆ ಇನ್ನೊಮ್ಮೆ ನೋಡಬಹುದು. ಮೂವತ್ತು ದಾಟಿದವರು ಹೊಸ ಗಂಟೊಂದು ಪ್ರತ್ಯೇಕವಾಗಿ ಸಿಕ್ಕ ಮೇಲೆ ಇನ್ನೊಂದು ತಿಂಗಳು ಕಾಯಬಾರದು. ಮುಟ್ಟು ನಿಂತವರಿಗೆ ಕಾಯುವ ಮಾತೇ ಇಲ್ಲ. “ಈ ವಯಸ್ಸಿಗೆಲ್ಲ ಬರಲ್ಲ” ಎನ್ನುವವರಿಗೆ ಒಂದು ಮಾತು: ನಮ್ಮ ದೇಶದಲ್ಲಿ ಈ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಸರಾಸರಿ ಹತ್ತು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ.

ಐಟಿ ಮಂದಿಯಲ್ಲಿ ಇನ್ನೊಂದು ಧೈರ್ಯವಿದೆ: “ಆಫೀಸಿನ ಹೆಲ್ತ್ ಚೆಕಪ್ ನಾರ್ಮಲ್ ಬಂದಿದೆ.” ಆ ಪ್ಯಾಕೇಜಿನ ರಕ್ತಪರೀಕ್ಷೆಗಳು ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಹೇಳುತ್ತವೆ, ಸ್ತನದ ಗಂಟು ಏನೆಂದು ಹೇಳುವ ರಕ್ತಪರೀಕ್ಷೆ ಇಲ್ಲ.

ಮೊಲೆತೊಟ್ಟಿನ ಬದಲಾವಣೆಗೂ ಮುಟ್ಟಿನ ಲೆಕ್ಕಕ್ಕೂ ಸಂಬಂಧವಿಲ್ಲ. ಚಿಕ್ಕಂದಿನಿಂದಲೂ ಒಳಸೇರಿದ ತೊಟ್ಟು ಅನೇಕರಿಗಿರುತ್ತದೆ, ಅದು ದೋಷವಲ್ಲ. ಇಷ್ಟು ದಿನ ಹೊರಗಿದ್ದದ್ದು ಈಗ ಒಂದು ಕಡೆ ಒಳಗೆ ಎಳೆದುಕೊಂಡಿದ್ದರೆ ತೋರಿಸಲೇಬೇಕು. ಹಿಂಡಿದಾಗ ಎರಡೂ ಕಡೆ ಹಾಲಿನಂಥದ್ದು ಬಂದರೆ ಮೊದಲು ಮಾತ್ರೆಗಳನ್ನು ನೋಡಿ: ಗ್ಯಾಸ್‌ಗೆಂದು ನುಂಗುವ ಎಷ್ಟೋ ಮಾತ್ರೆಗಳಲ್ಲಿ ಡೊಂಪೆರಿಡೋನ್ ಇರುತ್ತದೆ, ಅದು ಪ್ರೊಲ್ಯಾಕ್ಟಿನ್ ಹೆಚ್ಚಿಸಿ ಹಾಲು ಬರಿಸಬಲ್ಲದು. ಹಿಂಡದೆಯೇ ಒಂದೇ ಕಡೆ, ಒಂದೇ ರಂಧ್ರದಿಂದ ರಕ್ತ ಇಲ್ಲವೇ ನೀರಿನಂಥ ದ್ರವ ಬಂದು ಬ್ರಾಗೆ ಕಲೆಯಾದರೆ ಅದು ಬೇರೆ ಕಥೆ. ಇನ್ನು ತುರಿಕೆ. ಇಸುಬಾದರೆ ಹೆಚ್ಚಾಗಿ ಸುತ್ತಲಿನ ಕಪ್ಪು ಭಾಗದಲ್ಲಿ, ಎಷ್ಟೋ ವೇಳೆ ಎರಡೂ ಕಡೆ ಇರುತ್ತದೆ. ಒಂದೇ ತೊಟ್ಟಿನ ಮೇಲೆ ಶುರುವಾಗಿ, ಹಕ್ಕಳೆಗಟ್ಟಿ, ಮೆಡಿಕಲ್ ಸ್ಟೋರಿನ ಮುಲಾಮಿಗೆ ಎರಡು ವಾರವಾದರೂ ವಾಸಿಯಾಗದಿದ್ದರೆ ಪ್ಯಾಜೆಟ್ ಕಾಯಿಲೆ ಇರಬಹುದು. ಅದು ತೊಟ್ಟಿನ ಚರ್ಮದಲ್ಲಿ ಮುಖ ತೋರಿಸುವ ಕ್ಯಾನ್ಸರ್.

ಆ ಹೆಣ್ಣುಮಗಳಿಗೆ ಮುಂದೇನು? ಸರ್ಜನ್ ಕೈಯಿಂದ ಪರೀಕ್ಷಿಸುತ್ತಾರೆ, ಮ್ಯಾಮೋಗ್ರಾಂ ಮತ್ತು ಅಲ್ಟ್ರಾಸೌಂಡ್ ಮಾಡಿಸುತ್ತಾರೆ, ಅನುಮಾನವಿದ್ದರೆ ಸೂಜಿಯಿಂದ ಸಣ್ಣ ತುಣುಕು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೂ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಇದೇ ಕ್ರಮ. “ಸೂಜಿ ಚುಚ್ಚಿದರೆ ಹರಡುತ್ತೆ” ಎಂದು ಮನೆಯವರು ತಡೆಯುವುದು ಈ ಹಂತದಲ್ಲೇ. ಸೂಜಿಯಿಂದ ರೋಗ ಹರಡಿ ಕೈಮೀರುವುದಿಲ್ಲ. ಬಯಾಪ್ಸಿ ಇಲ್ಲದೆ ಯಾವ ಔಷಧಿ, ಯಾವ ಆಪರೇಷನ್ ಎಂದು ತೀರ್ಮಾನಿಸುವುದೇ ಕಷ್ಟ. ಎಷ್ಟೋ ಗಂಟುಗಳು ಕೊನೆಗೆ ಫೈಬ್ರೊಅಡಿನೋಮಾ ಅಥವಾ ನೀರುಗಂಟು ಎಂದೇ ತಿಳಿಯುತ್ತವೆ. ಆದರೆ ಕೈ, ಚಿತ್ರ, ಸೂಜಿ ಮೂರೂ ಒಂದೇ ಮಾತು ಹೇಳಬೇಕು. ಮ್ಯಾಮೋಗ್ರಾಂ ಸರಿಯಿದ್ದೂ ಕೈಗೆ ಗಟ್ಟಿ ಗಂಟು ಸಿಗುತ್ತಿದ್ದರೆ, ಅಥವಾ ಚಿತ್ರ ಅನುಮಾನ ಮೂಡಿಸಿದ್ದರೂ ಬಯಾಪ್ಸಿ “ಏನಿಲ್ಲ” ಎಂದರೆ, ಫೈಲ್ ಮುಚ್ಚುವಂತಿಲ್ಲ. ಇನ್ನೊಮ್ಮೆ ತುಣುಕು ತೆಗೆಯಬೇಕೇ ಎಂದು ಆಗ ಸರ್ಜನ್‌ರನ್ನು ಕೇಳಬೇಕು.